ಕೊಡವ ವಧುವನ್ನು ಜಾಹೀರಾತಿನಲ್ಲಿ ತೋರಿಸುವ ಮುನ್ನ: ಉಡುಗೆ, ಒಡವೆ, ವಿಧಿಗಳನ್ನು ತಪ್ಪಿಲ್ಲದೆ ಚಿತ್ರಿಸುವ ಕ್ರಮ

ಮದುವೆ ಸುಗ್ಗಿ ಹತ್ತಿರವಾದಂತೆ ಆಭರಣ ಮಳಿಗೆಗಳ ಜಾಹೀರಾತುಗಳಲ್ಲಿ ಬಗೆಬಗೆಯ ವಧುಗಳು ಸಾಲಾಗಿ ಕಾಣಿಸಿಕೊಳ್ಳುತ್ತಾರೆ. ತಮಿಳು ವಧು, ಬಂಗಾಳಿ ವಧು, ಮರಾಠಿ ವಧು, ಅವರ ನಡುವೆ ಒಬ್ಬ ಕೊಡವ ವಧು. ಉಳಿದವರಲ್ಲಿ ಆಗುವ ತಪ್ಪಿಗಿಂತ ಕೊಡವ ವಧುವಿನಲ್ಲಿ ಆಗುವ ತಪ್ಪು ಹೆಚ್ಚು. ಕಾರಣ ಸರಳ. ಕೊಡವರ ಸೀರೆ ಉಡುವ ಕ್ರಮ, ಒಡವೆ, ಮದುವೆಯ ವಿಧಿ ಮೂರೂ ನಾವು ಕಂಡು ಬಳಸಿದ ದಕ್ಷಿಣದ ಮದುವೆಗಿಂತ ಬೇರೆ. ಶೂಟಿಂಗ್ ತಂಡದವರು ಮಾತ್ರ ತಮಗೆ ಗೊತ್ತಿರುವ ಮದುವೆಯ ಮೇಲೆಯೇ ಒಂದೆರಡು ಕೊಡವ ವಸ್ತುಗಳನ್ನು ಅಂಟಿಸಿ ಮುಗಿಸುತ್ತಾರೆ. ಕುಪ್ಯ ಎಂಬ ನಿಲುವಂಗಿ ತೊಟ್ಟ ವರ ಹೋಮದ ಮುಂದೆ ಕುಳಿತು ತಾಳಿ ಕಟ್ಟುವ ದೃಶ್ಯ ಹುಟ್ಟುವುದು ಹೀಗೆ. ಕೊಡವ ಮದುವೆಯಲ್ಲಿ ಹೋಮವೂ ಇಲ್ಲ, ವರ ಕಟ್ಟುವ ತಾಳಿಯೂ ಇಲ್ಲ.

ಜಾಹೀರಾತಿನ ಉಡುಗೆ ವಿಭಾಗದಲ್ಲಿ ಕೆಲಸ ಮಾಡುವವಳಾಗಿ ನಾನು ಇಲ್ಲಿ ಬರೆಯುತ್ತಿರುವುದು ಈ ಒಂದೇ ಪ್ರಕರಣದ ಬಗ್ಗೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ: ಆಭರಣ ಮಳಿಗೆಯೊಂದಕ್ಕೆ 30 ಸೆಕೆಂಡಿನ ಚಿತ್ರ, ಅದರಲ್ಲಿ ಕೊಡವ ವಧುವಿಗೆ 6 ಸೆಕೆಂಡು, ಜೊತೆಗೆ ಅದೇ ವಧುವಿನ ಒಂದು ದೊಡ್ಡ ಹೋರ್ಡಿಂಗ್. ಕಥಾಫಲಕ ಕೈಗೆ ಬಂದ ದಿನದಿಂದ ಹೋರ್ಡಿಂಗ್ ಮುದ್ರಣಕ್ಕೆ ಹೋಗುವವರೆಗೆ ಏನೇನು ಮಾಡಬೇಕು, ಎಲ್ಲೆಲ್ಲಿ ಎಡವುತ್ತೇವೆ ಎಂದು ನೋಡುತ್ತಾ ಹೋಗೋಣ.

ಮೊದಲು: ಯಾರು, ಯಾವ ಗಳಿಗೆ

ಸಾಮಾನ್ಯವಾಗಿ ಕಥಾಫಲಕದಲ್ಲಿ ಬರೆದಿರುವುದು ‘ಕೂರ್ಗಿ ವಧು, ಸಾಂಪ್ರದಾಯಿಕ ನೋಟ’ ಎಂದಷ್ಟೇ. ಅಷ್ಟನ್ನು ಇಟ್ಟುಕೊಂಡು ಬಟ್ಟೆ ಹುಡುಕಲು ಹೊರಡಬೇಡಿ. ಕೊಡಗಿನಲ್ಲಿರುವವರೆಲ್ಲ ಕೊಡವರಲ್ಲ. ಅರೆಭಾಷೆ ಗೌಡರಿದ್ದಾರೆ, ಅವರಿಗೆ ತಮ್ಮದೇ ಭಾಷೆ, ತಮ್ಮದೇ ಮದುವೆಯ ಕಟ್ಟಳೆಗಳಿವೆ. ಯರವರು, ಕುಡಿಯರು, ಮುಸ್ಲಿಮರು, ಕ್ರೈಸ್ತರು ಎಲ್ಲರೂ ಕೊಡಗಿನವರೇ. ಕುಪ್ಯ ತೊಡುವ ಬೇರೆ ಸಣ್ಣ ಸಮುದಾಯಗಳೂ ಅಲ್ಲಿವೆ. ಆದ್ದರಿಂದ ಮೊದಲ ಸಾಲಿನಲ್ಲಿ ಸಮುದಾಯದ ಹೆಸರನ್ನೇ ಬರೆಯಿರಿ: ಕೊಡವ ವಧು.

ಎರಡನೇ ಸಾಲಿನಲ್ಲಿ ಗಳಿಗೆಯನ್ನು ಬರೆಯಿರಿ. ಕೊಡವ ಮದುವೆ ಒಂದೇ ದೃಶ್ಯವಲ್ಲ. ವಧುವಿಗೆ ತಾಯಿ ಪತ್ತಾಕ್ ಎಂಬ ಕೊರಳ ಒಡವೆ ತೊಡಿಸುವ ಹೊತ್ತು ಬೇರೆ. ಮುಕ್ಕಾಲಿಯ ಮೇಲೆ ಕುಳಿತು ಹಿರಿಯರಿಂದ ಅಕ್ಕಿ, ಹಾಲು ಪಡೆಯುವ ಮುಹೂರ್ತ ಬೇರೆ. ವರ ಬಂದು ವಧುವಿನ ಕೈ ಹಿಡಿದು ಎಬ್ಬಿಸುವ ದಂಪತಿ ಮುಹೂರ್ತ ಬೇರೆ. ಗಂಡನ ಮನೆಯಲ್ಲಿ ಹೊಸ ಸೊಸೆ ಬಾವಿಯಿಂದ ನೀರು ತರುವ ಗಂಗಾಪೂಜೆ ಬೇರೆ. ಯಾವ ಗಳಿಗೆ ಎಂಬುದು ಗೊತ್ತಾಗದೆ ಕೊರಳಲ್ಲಿ ಪತ್ತಾಕ್ ಇರಬೇಕೋ ಬೇಡವೋ, ಪಕ್ಕದಲ್ಲಿ ಯಾರು ನಿಂತಿರಬೇಕು ಎಂಬುದು ತೀರ್ಮಾನವಾಗುವುದಿಲ್ಲ.

ನಮ್ಮ ಉದಾಹರಣೆಗೆ ನಾನು ಆರಿಸಿಕೊಳ್ಳುವುದು ತಾಯಿ ಪತ್ತಾಕ್ ತೊಡಿಸುವ ಗಳಿಗೆಯನ್ನು. ಆಭರಣ ಮಾರುವವರಿಗೆ ಇದಕ್ಕಿಂತ ಒಳ್ಳೆಯ ದೃಶ್ಯ ಸಿಗುವುದಿಲ್ಲ. ಮದುವೆಯಾದ ಹೆಣ್ಣಿನ ಗುರುತಾದ ಒಡವೆ ಇಲ್ಲಿ ಗಂಡನಿಂದಲ್ಲ, ಹೆತ್ತ ತಾಯಿಯಿಂದ ಬರುತ್ತದೆ. ಇಷ್ಟು ಚೆಂದದ ಸಂಗತಿಯನ್ನು ಬಿಟ್ಟು ವರನ ಕೈಯಲ್ಲಿ ತಾಳಿ ಕೊಡುವ ಜಾಹೀರಾತನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಕೇಳಬೇಕಾದವರನ್ನು ಕೇಳುವುದು

ಇಂಟರ್ನೆಟ್ಟಿನಲ್ಲಿ ಸಿಗುವ ಚಿತ್ರಗಳನ್ನು ನೋಡಿ ಉಡುಗೆ ಹೊಂದಿಸುವುದು ಅಪಾಯದ ಕೆಲಸ. ಅಲ್ಲಿರುವ ಬಹಳಷ್ಟು ಚಿತ್ರಗಳು ಹಿಂದಿನ ಜಾಹೀರಾತುಗಳವು, ಸಿನಿಮಾದವು, ಪ್ರವಾಸಿಗರು ಬಾಡಿಗೆಗೆ ಬಟ್ಟೆ ತೊಟ್ಟು ತೆಗೆಸಿಕೊಂಡವು. ಒಂದರ ತಪ್ಪು ಇನ್ನೊಂದಕ್ಕೆ ಹರಿದು ಬಂದಿರುತ್ತದೆ.

ಮಡಿಕೇರಿ, ವಿರಾಜಪೇಟೆ, ಪೊನ್ನಂಪೇಟೆ, ಬೆಂಗಳೂರು ಮುಂತಾದ ಕಡೆ ಕೊಡವ ಸಮಾಜಗಳಿವೆ. ಮಡಿಕೇರಿಯಲ್ಲಿ ಕರ್ನಾಟಕ ಕೊಡವ ಸಾಹಿತ್ಯ ಅಕಾಡೆಮಿ ಇದೆ. ಅಲ್ಲಿ ವಿಚಾರಿಸಿದರೆ ಮದುವೆ ನಡೆಸಿ ಗೊತ್ತಿರುವ ಹಿರಿಯರ ಪರಿಚಯವಾಗುತ್ತದೆ. ಕನಿಷ್ಠ ಇಬ್ಬರನ್ನು ಕೇಳಿ: ಸೀರೆ, ಒಡವೆಯ ವಿಷಯಕ್ಕೆ ವಧುಗಳಿಗೆ ಅಲಂಕಾರ ಮಾಡಿ ಕೈ ಪಳಗಿದ ಒಬ್ಬ ಹಿರಿಯ ಮಹಿಳೆ; ವಿಧಿಯ ವಿಷಯಕ್ಕೆ ಅರುವನಾಗಿ ನಿಂತು ಅನುಭವವಿರುವ ಒಬ್ಬ ಹಿರಿಯರು. ಅರುವ ಎಂದರೆ ಮದುವೆಯಲ್ಲಿ ಒಕ್ಕದ, ಅಂದರೆ ಮನೆತನದ, ಪರವಾಗಿ ಮಾತನಾಡುವವರು. ಪುರೋಹಿತರಿಲ್ಲದ ಈ ಮದುವೆಯಲ್ಲಿ ವಿಧಿಯ ಕ್ರಮವನ್ನು ಬಲ್ಲವರು ಅವರೇ. ಕೊಡಗಿನ ಉತ್ತರ ದಕ್ಷಿಣಕ್ಕೆ, ಒಕ್ಕದಿಂದ ಒಕ್ಕಕ್ಕೆ ಸಣ್ಣಪುಟ್ಟ ವ್ಯತ್ಯಾಸಗಳಿರುತ್ತವೆ. ಇಬ್ಬರೂ ಬೇರೆ ಬೇರೆ ಹೇಳಿದರೆ ಯಾರದೋ ಒಬ್ಬರದು ತಪ್ಪೆಂದು ತಿಳಿಯಬೇಡಿ. ಒಂದು ನಾಡಿನ ಕ್ರಮವನ್ನು ಹಿಡಿದು ಕೊನೆಯವರೆಗೂ ಅದರಂತೆಯೇ ನಡೆಯಿರಿ. ಎರಡನ್ನೂ ಬೆರೆಸಿದರೆ ಇಬ್ಬರಿಗೂ ತಪ್ಪಾಗಿ ಕಾಣುತ್ತದೆ.

ಕೇಳುವ ರೀತಿಯೂ ಮುಖ್ಯ. ಸಿದ್ಧ ಚಿತ್ರ ತೋರಿಸಿ ‘ಇದು ಪರವಾಗಿಲ್ಲವೇ ಅಮ್ಮಾ?’ ಎಂದರೆ ದಾಕ್ಷಿಣ್ಯದ ಜನ ‘ಪರವಾಗಿಲ್ಲ’ ಎಂದುಬಿಡುತ್ತಾರೆ. ಹಾಗೆ ಕೇಳದೆ, ‘ನಿಮ್ಮ ಮಗಳಿಗೆ ಅಲಂಕಾರ ಮಾಡುವಾಗ ಮೊದಲು ಏನು ತೊಡಿಸಿದಿರಿ, ಆಮೇಲೆ ಏನು?’ ಎಂದು ಕೇಳಿ. ಅವರು ಹೇಳಿದ ಕ್ರಮದಲ್ಲೇ ಬರೆದುಕೊಳ್ಳಿ. ಅವರ ಮನೆಯ ಮದುವೆಯ ಆಲ್ಬಮ್ ನೋಡಲು ಅನುಮತಿ ಸಿಕ್ಕರೆ ಅದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ. ಈ ಕೆಲಸಕ್ಕೆ ಸಂಭಾವನೆ ಕೊಡಬೇಕು, ಶೂಟಿಂಗ್ ದಿನ ಅವರು ಸೆಟ್ಟಿನಲ್ಲಿರಬೇಕು. ಇವೆರಡನ್ನೂ ಮೊದಲ ಖರ್ಚಿನ ಪಟ್ಟಿಯಲ್ಲೇ ಸೇರಿಸಿ. ಆಮೇಲೆ ಸೇರಿಸುತ್ತೇವೆಂದರೆ ಸೇರುವುದಿಲ್ಲ.

ಸೀರೆ: ನೆರಿಗೆ ಹಿಂದೆ, ಸೆರಗು ಬಲಭುಜಕ್ಕೆ

ಕೊಡವ ಸೀರೆಯ ನೆರಿಗೆ ಮುಂದಿರುವುದಿಲ್ಲ, ಬೆನ್ನ ಹಿಂದೆ ಸೊಂಟದಲ್ಲಿ ಸಿಕ್ಕಿಸಿರುತ್ತದೆ. ಬಲಮುರಿಯಲ್ಲಿ ಕಾವೇರಿ ರಭಸದಿಂದ ಹರಿದು ಬಂದಾಗ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತು ಎಂಬ ಐತಿಹ್ಯವನ್ನು ಕೊಡಗಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನೆರಿಗೆ ಸಿಕ್ಕಿಸಿದ ಮೇಲೆ ಸೀರೆ ಎಡಗಂಕುಳಿನ ಕೆಳಗಿನಿಂದ ಮುಂದೆ ಬಂದು, ಎದೆಯ ಮೇಲೆ ಅಡ್ಡಲಾಗಿ ಹಾದು, ಬಲಭುಜದ ಮೇಲೆ ಗಂಟಾಗಿಯೋ ಪಿನ್ನಿನಿಂದಲೋ ನಿಲ್ಲುತ್ತದೆ. ಎಡಭುಜದ ಮೇಲೆ ಸೀರೆ ಇರುವುದೇ ಇಲ್ಲ.

ಇಲ್ಲಿಂದ ಮೂರು ಪರಿಣಾಮಗಳು ಹುಟ್ಟುತ್ತವೆ. ಕ್ಯಾಮೆರಾ ಹಿಡಿಯುವವರಿಗೂ ಇವನ್ನು ಮೊದಲೇ ಹೇಳಿರಬೇಕು.

ಮೊದಲನೆಯದು, ರವಿಕೆಯ ಎಡಭುಜ, ಎಡತೋಳು ಪೂರ್ತಿಯಾಗಿ ಕಾಣುತ್ತವೆ. ಬೇರೆ ಸೀರೆಗಳಲ್ಲಿ ಸೆರಗಿನಡಿ ಮುಚ್ಚಿಹೋಗುವ ರವಿಕೆ ಇಲ್ಲಿ ಉಡುಗೆಯ ಅರ್ಧ ಭಾಗ. ಹಳೆಯ ಕ್ರಮದಲ್ಲಿ ಅದು ಉದ್ದ ತೋಳಿನ, ಕೊರಳು ಮುಚ್ಚುವ ರವಿಕೆ. ಈಗಿನ ವಧುಗಳು ತೋಳನ್ನು ಗಿಡ್ಡ ಮಾಡಿಸಿಕೊಳ್ಳುವುದೂ ಉಂಟು. ಆದರೆ ನಿಮ್ಮ ಜಾಹೀರಾತು ‘ಸಾಂಪ್ರದಾಯಿಕ’ ಎಂದು ಹೇಳಿಕೊಳ್ಳುತ್ತಿದ್ದರೆ ಉದ್ದ ತೋಳನ್ನೇ ಹೊಲಿಸಿ. ತೋಳಿಲ್ಲದ ರವಿಕೆ, ಬೆನ್ನಿಗೆ ಲಾಡಿ ಕಟ್ಟುವ ರವಿಕೆ ಈ ಉಡುಗೆಯೊಂದಿಗೆ ಕೂಡಿಬರುವುದಿಲ್ಲ. ಹೊಲಿಸಲು ಸಮಯ ಬೇಕು. ಸೆಟ್ಟಿನಲ್ಲಿ ಇರುವ ಯಾವುದೋ ರವಿಕೆಯನ್ನು ಹೊಂದಿಸಿಕೊಳ್ಳಲಾಗದು.

ಎರಡನೆಯದು, ಹಾರುವ ಸೆರಗು ಇಲ್ಲ. ಭುಜದ ಮೇಲೆ ಗಂಟಿನಿಂದಾಚೆ ಉಳಿಯುವುದು ಗಿಡ್ಡ ತುದಿ ಮಾತ್ರ. ಗಾಳಿಯಂತ್ರ ಇಟ್ಟು ಸೆರಗು ಹಾರಿಸುವ ಆಸೆ ಇದ್ದರೆ ಉಡುಗೆಯೇ ಕೆಡುತ್ತದೆ. ತುದಿ ಉದ್ದ ಬರಲೆಂದು ಸ್ಟೈಲಿಸ್ಟ್ ಮುಂಭಾಗವನ್ನು ಸಡಿಲಿಸುತ್ತಾರೆ, ನೆರಿಗೆ ಪಕ್ಕಕ್ಕೆ ಜಾರುತ್ತದೆ, ಕೊನೆಗೆ ಅದು ಯಾವ ನಾಡಿನ ಸೀರೆಯೂ ಅಲ್ಲದಂತಾಗುತ್ತದೆ. ರೇಷ್ಮೆ ಸೀರೆಯ ಅಂಗಡಿಯವರು ‘ನಮ್ಮ ಸೆರಗಿನ ಜರಿ ಕಾಣಬೇಕು’ ಎಂದು ಹಟ ಹಿಡಿದರೆ ನೇರವಾಗಿ ಹೇಳಿಬಿಡಿ: ಕೊಡವ ಕ್ರಮದಲ್ಲಿ ಮುಂದೆ ಕಾಣುವುದು ಸೀರೆಯ ಒಡಲು, ಅಂಚು, ಸೆರಗಲ್ಲ. ಸೆರಗನ್ನು ತೋರಿಸಬೇಕಿದ್ದರೆ ಸೀರೆಯನ್ನು ಬೇರೆ ಚಿತ್ರದಲ್ಲಿ ಹರಡಿ ತೋರಿಸಲಿ.

ಮೂರನೆಯದು, ಹಿಂಬದಿಯಿಂದ ಒಂದು ಚಿತ್ರ ಬೇಕೇ ಬೇಕು. ಈ ಉಡುಗೆಯ ಸೊಗಸು ಬೆನ್ನ ಹಿಂದಿದೆ. 6 ಸೆಕೆಂಡಿನಲ್ಲಿ ಒಂದೂವರೆ ಸೆಕೆಂಡು ವಧು ತಿರುಗಿ ನಡೆಯುವುದನ್ನು ತೋರಿಸಿದರೆ ನೋಡುವವರಿಗೆ ಆ ನೆರಿಗೆ ಮನಸ್ಸಿನಲ್ಲಿ ನಿಲ್ಲುತ್ತದೆ. ಮುಂದಿನಿಂದ ಮಾತ್ರ ತೆಗೆಯುತ್ತೇವೆಂದು ನೆರಿಗೆಯನ್ನೇ ಹಾಕದೆ ಸುತ್ತಿ ಪಿನ್ನು ಚುಚ್ಚುವ ತಂಡಗಳಿವೆ. ಮಾಡೆಲ್ ಸ್ವಲ್ಪ ಓರೆಯಾದರೂ ಅದು ಗೊತ್ತಾಗುತ್ತದೆ.

ಮದುವೆಯ ಸೀರೆಯ ಬಣ್ಣ ಕೆಂಪು, ತಲೆಗೆ ಕೆಂಪು ಮುಸುಕು. ಕೊಡವ ಮಹಿಳೆಯರು ತಲೆಗೆ ಕಟ್ಟುವ ವಸ್ತ್ರವೂ ಇದೆ. ಅದನ್ನು ಹಣೆಯ ಮೇಲಿನಿಂದ ತಂದು ಹಿಂದೆ ಕಟ್ಟುತ್ತಾರೆ. ವಧುವಿನ ಮುಸುಕೇ ಬೇರೆ, ಈ ವಸ್ತ್ರವೇ ಬೇರೆ. ವಧುವಿನ ತಾಯಿಯ ಪಾತ್ರಕ್ಕೆ ವಸ್ತ್ರ ಕಟ್ಟಬೇಕೇ ಎಂದು ನಿಮ್ಮ ಮಾರ್ಗದರ್ಶಕರನ್ನು ಕೇಳಿ, ಕಟ್ಟುವುದಿದ್ದರೆ ಅವರ ಕೈಯಿಂದಲೇ ಕಟ್ಟಿಸಿ.

ಒಡವೆ: ಯಾವುದು, ಎಲ್ಲಿ, ಯಾರದು

ಆಭರಣ ಮಳಿಗೆಯ ಜಾಹೀರಾತಿನಲ್ಲೇ ಒಡವೆಯ ತಪ್ಪು ಹೆಚ್ಚು ಎಂಬುದು ವಿಚಿತ್ರವಾದರೂ ಸತ್ಯ. ಮಳಿಗೆಯವರು ತಮ್ಮ ಸಂಗ್ರಹದಲ್ಲಿ ಇರುವುದನ್ನೇ ತೊಡಿಸಲು ಬಯಸುತ್ತಾರೆ. ಹೀಗಾಗಿ ಬೈತಲೆ, ಸೂರ್ಯ ಚಂದ್ರ, ವಂಕಿ, ಸೊಂಟಪಟ್ಟಿ, ದೇವಸ್ಥಾನ ವಿನ್ಯಾಸದ ಅಡ್ಡಿಗೆ ಎಲ್ಲವೂ ಕೊಡವ ವಧುವಿನ ಮೈಮೇಲೆ ಏರುತ್ತವೆ. ಅವೆಲ್ಲ ಚೆಂದದ ಒಡವೆಗಳೇ. ಆದರೆ ಅವು ಭರತನಾಟ್ಯದ ವೇಷದ ನೆನಪು ತರುತ್ತವೆ, ಕೊಡವ ವಧುವಿನ ನೆನಪನ್ನಲ್ಲ.

ಕೊರಳಿನ ಒಡವೆಗಳಲ್ಲಿ ಮೂರನ್ನು ಸರಿಯಾಗಿ ಗುರುತಿಸಲು ಕಲಿತರೆ ಮುಕ್ಕಾಲು ಕೆಲಸ ಮುಗಿಯಿತು.

ಕರ್ತಮಣಿ ಪತ್ತಾಕ್: ಕರಿಮಣಿಯ ಸರಕ್ಕೆ ಇಳಿಬಿಟ್ಟ ಪದಕ. ಪದಕದ ನಡುವೆ ಚಿನ್ನದ ನಾಣ್ಯ, ಸುತ್ತ ಸಣ್ಣ ಕೆಂಪು ಹರಳು, ಮೇಲೆ ನಾಗರ ಹೆಡೆ. ಇದು ಮದುವೆಯ ಗುರುತು. ಆದ್ದರಿಂದ ಕಾಲೇಜು ಹುಡುಗಿಯ ಪಾತ್ರದಲ್ಲೋ ‘ನಿಶ್ಚಿತಾರ್ಥಕ್ಕೆ ಹೊಸ ಸಂಗ್ರಹ’ ಎಂಬ ಜಾಹೀರಾತಿನಲ್ಲೋ ಇದನ್ನು ತೊಡಿಸಬಾರದು.

ಕೊಕ್ಕೆತಾತಿ: ಅರ್ಧಚಂದ್ರದ ಆಕಾರದ ದೊಡ್ಡ ಪದಕ. ಅದರಲ್ಲೂ ಕೆಂಪು ಹರಳು, ನಾಗರ ಹೆಡೆ ಇರುತ್ತವೆ, ಅಂಚಿಗೆ ಸಣ್ಣ ಮುತ್ತುಗಳು ತೂಗುತ್ತವೆ. ಚಿನ್ನದ ಮಣಿಸರಕ್ಕೆ ಇದನ್ನು ಕೋದಿರುತ್ತಾರೆ. ನಾಗರ ಹೆಡೆ ಎರಡರಲ್ಲೂ ಇರುವುದರಿಂದ ಪತ್ತಾಕ್ ಎಂದು ಕೊಕ್ಕೆತಾತಿಯನ್ನು ತಂದುಕೊಡುವ ಬಾಡಿಗೆ ಒಡವೆಯವರಿದ್ದಾರೆ. ಗುರುತು ಹಿಡಿಯುವುದು ಸುಲಭ: ನಾಣ್ಯದಂತೆ ದುಂಡಗಿದ್ದು ಕರಿಮಣಿ ಇದ್ದರೆ ಪತ್ತಾಕ್, ಚಂದ್ರನಂತೆ ಬಾಗಿದ್ದರೆ ಕೊಕ್ಕೆತಾತಿ.

ಜೋಮಾಲೆ: ಒಳಗೆ ಅರಗು ತುಂಬಿದ ಚಿನ್ನದ ಮಣಿಗಳನ್ನು ಕಪ್ಪು ದಾರದಲ್ಲಿ ಕೋದ ಸರ. ಶೂಟಿಂಗಿಗೆ ಸಂಬಂಧಿಸಿದ ಒಂದು ಮಾತು ಇಲ್ಲಿ ಹೇಳಲೇಬೇಕು. ಒಳಗೆ ಅರಗು ಇರುವ ಹಳೆಯ ಜೋಮಾಲೆಯನ್ನು ಬಿಸಿಯಾದ ದೀಪಗಳ ಮುಂದೆ ಗಂಟೆಗಟ್ಟಲೆ ಇಡಬೇಡಿ. ಅರಗು ಮೆತ್ತಗಾದರೆ ತೆಳು ಚಿನ್ನ ತಗ್ಗುತ್ತದೆ. ಯಾರದೋ ಮನೆಯ ಅಜ್ಜಿಯ ಕಾಲದ ಸರವನ್ನು ಎರವಲು ತಂದಿದ್ದರಂತೂ ಚಿತ್ರ ತೆಗೆಯುವ ಕ್ಷಣದಲ್ಲಿ ಮಾತ್ರ ತೊಡಿಸಿ, ಉಳಿದ ಹೊತ್ತು ಪೆಟ್ಟಿಗೆಯಲ್ಲಿರಲಿ.

ಸರಗಳು ಎದೆಯ ಮೇಲೆ ಹಾದುಹೋದ ಸೀರೆಯ ಹೊರಗೆ ಕಾಣುವಂತೆ ಇರಬೇಕು. ಬಲಭುಜದ ಗಂಟಿನಡಿ ಒಂದು ಬದಿ ಸಿಕ್ಕಿಕೊಂಡರೆ ಪದಕ ಓರೆಯಾಗಿ ನಿಲ್ಲುತ್ತದೆ. ಸೀರೆಯ ಗಂಟು ಹಾಕಿ ಮುಗಿಸಿದ ಮೇಲೆ ಸರ ತೊಡಿಸುವುದು ಈ ತೊಂದರೆಗೆ ಪರಿಹಾರ. ನಮ್ಮ ದೃಶ್ಯದಲ್ಲಿ ಪತ್ತಾಕನ್ನು ತಾಯಿಯೇ ತೊಡಿಸುವುದರಿಂದ ಮೊದಲ ಚೌಕಟ್ಟಿನಲ್ಲಿ ವಧುವಿನ ಕೊರಳಲ್ಲಿ ಅದು ಇರಬಾರದು, ಕೊನೆಯ ಚೌಕಟ್ಟಿನಲ್ಲಿ ಇರಬೇಕು. ಶೂಟಿಂಗಿನ ಅನುಕೂಲಕ್ಕಾಗಿ ಕೊನೆಯ ದೃಶ್ಯವನ್ನು ಮೊದಲು ತೆಗೆಯುವುದು ಮಾಮೂಲಿ. ಅಂಥ ದಿನಗಳಲ್ಲಿ ಪತ್ತಾಕ್ ತೆಗೆಯುವುದನ್ನು ಮರೆಯುತ್ತಾರೆ. ಆಗ ಕೊರಳಲ್ಲಿ ಒಂದು, ತಾಯಿಯ ಕೈಯಲ್ಲಿ ಇನ್ನೊಂದು ಕಾಣುತ್ತದೆ.

ಮಳಿಗೆಯ ಸಂಗ್ರಹದಲ್ಲಿ ಈ ಮೂರರಲ್ಲಿ ಒಂದೂ ಇಲ್ಲದಿದ್ದರೆ? ಆಗ ಕೊಡವ ವಧುವನ್ನು ಕೈಬಿಡುವುದೇ ಸರಿ. ಅಥವಾ ಆ ಮೂರನ್ನು ಮಾಡಿಸಿಕೊಂಡು ಬರಲಿ. ಇಲ್ಲದ ಒಡವೆಯನ್ನು ಯಾವುದೋ ಹಾರದಿಂದ ತುಂಬಿಸಿ ಸಮುದಾಯದ ಹೆಸರು ಹಾಕುವುದು ಕೊಳ್ಳುವವರಿಗೂ ಮಾಡುವ ಮೋಸ.

ವರ, ಸುತ್ತಲಿನವರು

ಹೋರ್ಡಿಂಗಿನಲ್ಲಿ ವರನೂ ಬೇಕೆಂದು ಗ್ರಾಹಕ ಸಂಸ್ಥೆ ಕೇಳುತ್ತದೆ ಎಂದಿಟ್ಟುಕೊಳ್ಳೋಣ. ಕುಪ್ಯ ಎಂಬುದು ಮೊಣಕಾಲಿನ ಕೆಳಗೆ ಇಳಿಯುವ, ಗಿಡ್ಡ ತೋಳಿನ ನಿಲುವಂಗಿ. ಒಳಗೆ ಬಿಳಿ ಅಂಗಿ. ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ. ಚೇಲೆಯ ಮುಂಭಾಗದಲ್ಲಿ ಬಲಕ್ಕೆ ಬೆಳ್ಳಿಯ ಕೆಲಸವಿರುವ ಪೀಚೆಕತ್ತಿ. ತಲೆಗೆ ಮಂಡೆತುಣಿ ಎನ್ನುವ, ಮೇಲ್ಭಾಗ ಚಪ್ಪಟೆಯಾದ ಪೇಟ. ಇದು ಮೈಸೂರು ಪೇಟವೂ ಅಲ್ಲ, ತುರಾಯಿ ನಿಂತ ರಾಜಸ್ಥಾನಿ ಪಗಡಿಯೂ ಅಲ್ಲ. ಅಗಲ ಅಲಗಿನ ಒಡಿಕತ್ತಿ ಬೇರೆ ಆಯುಧ. ಅದು ಬೆನ್ನ ಹಿಂದೆ ಸೊಂಟದಲ್ಲಿ ತೋಡಂಗ್ ಎಂಬ ಹಿತ್ತಾಳೆಯ ಕೊಂಡಿಯಲ್ಲಿ ಇರುತ್ತದೆ. ಪೀಚೆಕತ್ತಿಯ ಜಾಗದಲ್ಲಿ ಒಡಿಕತ್ತಿ ಸಿಕ್ಕಿಸುವುದು, ಎರಡರಲ್ಲಿ ಒಂದನ್ನು ಕೈಯಲ್ಲಿ ಝಳಪಿಸುವುದು ತಪ್ಪು.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಬಣ್ಣದಲ್ಲಿ. ಮದುವೆಯಲ್ಲಿ ವರನ ಕುಪ್ಯ ಬಿಳಿ, ನೆಂಟರ ಕುಪ್ಯ ಕಪ್ಪು. ಕಪ್ಪು ಕುಪ್ಯದ ಚಿತ್ರಗಳೇ ಎಲ್ಲೆಡೆ ಹೆಚ್ಚು ಕಾಣುವುದರಿಂದ ವರನಿಗೂ ಕಪ್ಪನ್ನೇ ತೊಡಿಸಿದ ಜಾಹೀರಾತುಗಳಿವೆ. ಚಿತ್ರಕ್ಕೆ ಕಳೆ ಬರಲೆಂದು ಹಿಂದೆ ನಿಂತ ಹಿರಿಯರಿಗೆಲ್ಲ ಬಿಳಿ ತೊಡಿಸಿದರೆ ಇನ್ನೂ ಕೆಟ್ಟದ್ದು. ಏಕೆಂದರೆ ಕೊಡವರು ಬಿಳಿ ಕುಪ್ಯವನ್ನು ತೊಡಿಸುವುದು ಮದುವಣಿಗನಿಗೆ ಮತ್ತು ಕೊನೆಯ ಪಯಣದಲ್ಲಿ ಸತ್ತವರಿಗೆ. ಬಿಳಿ ಕುಪ್ಯದಲ್ಲಿ ಕಣ್ಣು ಮುಚ್ಚಿ ಒರಗಿ ಕುಳಿತ ಅಜ್ಜನ ಚಿತ್ರ ಕೊಡವ ಮನೆಯಲ್ಲಿ ಯಾವ ಭಾವನೆ ಹುಟ್ಟಿಸುತ್ತದೆ ಎಂದು ಯೋಚಿಸಿ.

ಇನ್ನು ಕೋವಿ. ಕೊಡವರೆಂದರೆ ಕೋವಿ, ಮದ್ಯ, ಹಂದಿಮಾಂಸ, ಕಾಫಿ ತೋಟ, ಮಿಲಿಟರಿ ಮೀಸೆ ಎಂಬ ಸಿದ್ಧಚಿತ್ರ ಜಾಹೀರಾತಿನವರ ತಲೆಯಲ್ಲಿ ಬೇರೂರಿದೆ. ಕೋವಿಗೆ ಕೊಡವರ ಬದುಕಿನಲ್ಲಿ ಗೌರವದ ಜಾಗವಿದೆ. ಕೈಲ್‌ಪೊಳ್ದ್‌ ಹಬ್ಬದಲ್ಲಿ ಅದನ್ನು ಪೂಜಿಸುತ್ತಾರೆ, ಪುತ್ತರಿ ಹಬ್ಬದಲ್ಲಿ ಕದಿರು ತೆಗೆಯುವಾಗ ಗುಂಡು ಹಾರಿಸುತ್ತಾರೆ, ಸಾವಿನ ಸುದ್ದಿ ತಿಳಿಸಲೂ ಹಾರಿಸುತ್ತಾರೆ. ಅಂದರೆ ಗುಂಡಿನ ಸದ್ದಿಗೆ ಅಲ್ಲಿ ಅರ್ಥವಿದೆ. ಮದುವೆಯ ದೃಶ್ಯದಲ್ಲಿ ಸಂಭ್ರಮಕ್ಕೆಂದು ಎರಡು ಗುಂಡಿನ ಸದ್ದು ಸೇರಿಸುವ ಧ್ವನಿ ಸಂಯೋಜಕರಿಗೆ ಇದು ಗೊತ್ತಿರಬೇಕು. ಮದುವೆಗೆ ಬೇಕಾದ ಸದ್ದು ವಾಲಗದ್ದು. ಅದನ್ನೇ ಕೊಡಗಿನ ವಾಲಗದವರಿಂದ ಧ್ವನಿಮುದ್ರಿಸಿಕೊಳ್ಳಿ.

ಕುಣಿತವನ್ನು ಸೇರಿಸುವುದಿದ್ದರೆ ಒಂದೇ ಮಾತು: ಬೊಳಕಾಟ್ ಗಂಡಸರದು, ಉಮ್ಮತ್ತಾಟ್ ಹೆಂಗಸರದು. ಇಬ್ಬರನ್ನೂ ಒಂದೇ ವೃತ್ತದಲ್ಲಿ ಕೂಡಿಸಬೇಡಿ.

ವಿಧಿಯನ್ನು ಚೌಕಟ್ಟುಗಳಾಗಿ ಬರೆಯುವುದು

ನಮ್ಮ 6 ಸೆಕೆಂಡಿನಲ್ಲಿ ಎರಡು ವಿಧಿಗಳಿಗಷ್ಟೇ ಜಾಗವಿದೆ ಎಂದಿಟ್ಟುಕೊಳ್ಳಿ: ತಾಯಿ ಪತ್ತಾಕ್ ತೊಡಿಸುವುದು, ಆಮೇಲೆ ಮುಹೂರ್ತ. ಮುಹೂರ್ತದಲ್ಲಿ ವಧು ಮುಕ್ಕಾಲಿಯ ಮೇಲೆ ಪೂರ್ವಾಭಿಮುಖವಾಗಿ ಕುಳಿತಿರುತ್ತಾಳೆ. ಎದುರು ದೀಪ ಉರಿಯುತ್ತಿರುತ್ತದೆ. ಮೊದಲು ಬರುವವರು ತಾಯಿ. ಅವರು ಎರಡೂ ಕೈಗಳಿಂದ ಅಕ್ಕಿಯನ್ನು ವಧುವಿನ ಮಂಡಿಗೆ, ಭುಜಕ್ಕೆ, ತಲೆಗೆ ಹಾಕುತ್ತಾರೆ. ಕಿಂಡಿ ಎಂಬ ಪಾತ್ರೆಯಿಂದ ಹಾಲು ಕುಡಿಸುತ್ತಾರೆ, ನಾಣ್ಯವನ್ನೋ ಉಡುಗೊರೆಯನ್ನೋ ಕೊಡುತ್ತಾರೆ. ಆಮೇಲೆ ಉಳಿದವರು ಒಬ್ಬೊಬ್ಬರಾಗಿ.

ಇದನ್ನು ಕಾಗದದ ಮೇಲೆ ಹೀಗೆ ಬರೆಯಿರಿ: ಯಾರು, ಯಾವ ಕೈ, ಯಾವ ವಸ್ತು, ಎಲ್ಲಿಂದ ಎಲ್ಲಿಗೆ, ಮುಂದೇನು. ‘ತಾಯಿ ಆಶೀರ್ವದಿಸುತ್ತಾರೆ’ ಎಂದು ಬರೆದರೆ ಸೆಟ್ಟಿನಲ್ಲಿ ನಟಿ ತನಗೆ ಗೊತ್ತಿರುವಂತೆ ತಲೆಯ ಮೇಲೆ ಕೈ ಇಟ್ಟು ಹಣೆಗೆ ಮುತ್ತು ಕೊಡುತ್ತಾಳೆ. ‘ತಾಯಿ ಎರಡೂ ಕೈಯಿಂದ ಅಕ್ಕಿ, ಮಂಡಿಯಿಂದ ಶುರು’ ಎಂದು ಬರೆದರೆ ಅದನ್ನೇ ಮಾಡುತ್ತಾಳೆ. ಅಕ್ಕಿಯೆಂದರೆ ಅಕ್ಕಿಯೇ. ಮೇಲಿನಿಂದ ಗುಲಾಬಿ ಎಸಳಿನ ಮಳೆ ಸುರಿಸುವ ಆಸೆಯನ್ನು ನಿರ್ದೇಶಕರು ಬಿಡಬೇಕು. ಕಿಂಡಿಗೆ ಕೊಕ್ಕಿನಂಥ ನಳಿಗೆ ಇರುತ್ತದೆ. ಅದರ ಬದಲು ಪಂಚಪಾತ್ರೆ, ಬೆಳ್ಳಿ ಲೋಟ ಇಡುವುದು ಸಲ್ಲದು. ವಸ್ತುಗಳ ಪಟ್ಟಿಯಲ್ಲಿ ಮುಕ್ಕಾಲಿ, ಕಿಂಡಿ, ದೀಪ, ಅಕ್ಕಿ ಇಷ್ಟನ್ನು ಮೊದಲು ಖಚಿತ ಮಾಡಿಕೊಳ್ಳಿ. ಮಣೆ, ಹೋಮಕುಂಡ, ತೆಂಗಿನಕಾಯಿ ಇಟ್ಟ ಕಳಶಗಳನ್ನು ಸೆಟ್ಟಿನಿಂದ ಹೊರಗಿಡಿ. ಅಲ್ಲಿದ್ದರೆ ಅಲಂಕಾರ ಮಾಡುವವರು ಖಾಲಿ ಮೂಲೆ ತುಂಬಲು ಅವನ್ನು ತಂದಿಡುತ್ತಾರೆ.

ಹಿನ್ನೆಲೆಯ ಮಾತನ್ನೂ ಈ ಹಂತದಲ್ಲೇ ನೋಡಬೇಕು. ಒಂದೇ ಚಿತ್ರವನ್ನು ಹಲವು ಭಾಷೆಗಳಿಗೆ ಮಾಡುವಾಗ ಮಾತು ಎಲ್ಲ ವಧುಗಳಿಗೂ ಒಂದೇ ಇರುತ್ತದೆ. ‘ಮೂರು ಗಂಟಿನ ಬಂಧ’, ‘ಏಳು ಹೆಜ್ಜೆಯ ನಂಟು’ ಎಂಬ ಸಾಲು ಕೊಡವ ವಧು ತೆರೆಯ ಮೇಲಿರುವ ಹೊತ್ತಿಗೇ ಬಂದು ಬೀಳುತ್ತದೆ. ಉಡುಗೆ ಒಡವೆ ಎಲ್ಲವೂ ಸರಿಯಿದ್ದು ಮಾತಿನಿಂದ ಕೆಟ್ಟ ಜಾಹೀರಾತು ಇದು. ಮಾತಿನ ಪ್ರತಿಯನ್ನು ಚಿತ್ರದ ಸೆಕೆಂಡುಗಳ ಪಕ್ಕದಲ್ಲಿ ಬರೆದು ಓದಿದರೆ ಮಾತ್ರ ಸಿಕ್ಕಿಬೀಳುತ್ತದೆ.

ಶೂಟಿಂಗ್ ಮುಗಿದ ಮೇಲೆ ಆಗುವ ಅನಾಹುತ

ಬಹಳ ಜನ ಸೆಟ್ಟಿನಲ್ಲಿ ಎಚ್ಚರವಾಗಿದ್ದು ಇಲ್ಲಿ ಸೋಲುತ್ತಾರೆ. ಹೋರ್ಡಿಂಗಿನಲ್ಲಿ ಅಕ್ಷರಗಳಿಗೆ ಎಡಗಡೆ ಜಾಗ ಬೇಕು, ವಧು ಎಡಗಡೆ ಇದ್ದಾಳೆ. ವಿನ್ಯಾಸಕರು ಒಂದು ಗುಂಡಿ ಒತ್ತಿ ಚಿತ್ರವನ್ನು ಕನ್ನಡಿಯಂತೆ ತಿರುಗಿಸುತ್ತಾರೆ. ಪ್ಯಾಂಟು ಅಂಗಿಯ ಚಿತ್ರದಲ್ಲಿ ಇದು ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲಿ ಮಾತ್ರ ಬಲಭುಜದ ಗಂಟು ಎಡಭುಜಕ್ಕೆ ಹೋಗುತ್ತದೆ, ವರನ ಪೀಚೆಕತ್ತಿ ಬಲದಿಂದ ಎಡಕ್ಕೆ ಹೋಗುತ್ತದೆ, ವರ ಬಲಗೈ ಹಿಡಿದು ವಧುವನ್ನು ಎಬ್ಬಿಸುವ ದೃಶ್ಯದಲ್ಲಿ ಇಬ್ಬರ ಎಡಗೈಗಳು ಕೂಡುತ್ತವೆ. ದಿನವಿಡೀ ಹಿರಿಯ ಮಹಿಳೆಯೊಬ್ಬರು ಸೆಟ್ಟಿನಲ್ಲಿ ನಿಂತು ಸರಿಪಡಿಸಿದ್ದೆಲ್ಲ ಆ ಒಂದು ಗುಂಡಿಯಿಂದ ತಿರುವುಮುರುವಾಗುತ್ತದೆ.

ಪರಿಹಾರ ಶೂಟಿಂಗಿನ ದಿನವೇ ಇದೆ. ವಧು ಎಡಕ್ಕಿರುವ ಒಂದು, ಬಲಕ್ಕಿರುವ ಒಂದು, ನಡುವಿನಲ್ಲಿರುವ ಒಂದು, ಹೀಗೆ ಮೂರು ಬಗೆಯಲ್ಲಿ ಚಿತ್ರ ತೆಗೆಯಿರಿ. ಆಗ ತಿರುಗಿಸುವ ಅಗತ್ಯವೇ ಬೀಳುವುದಿಲ್ಲ. ಕಡತದ ಹೆಸರಿನಲ್ಲೇ ‘ತಿರುಗಿಸಬಾರದು’ ಎಂದು ಸೇರಿಸಿ. ಇಷ್ಟಾದರೂ ಯಾರಾದರೂ ತಿರುಗಿಸಿದ್ದಾರೆಯೇ ಎಂದು ತಿಳಿಯಲು ಗಂಟನ್ನು ನೋಡಿದರೆ ಸಾಕು: ವಧು ನಮ್ಮತ್ತ ಮುಖ ಮಾಡಿದ್ದಾಗ ಅದು ನೋಡುವವರ ಎಡಬದಿಗೆ ಕಾಣಬೇಕು.

ಬಣ್ಣ ತಿದ್ದುವಾಗ ಕೆಂಪು ಸೀರೆ ಗುಲಾಬಿಗೋ ಕಿತ್ತಳೆಗೋ ಜಾರದಂತೆ ಸೀರೆಯ ಒಂದು ತುಂಡನ್ನು, ಕಡೇಪಕ್ಷ ಒಳ್ಳೆಯ ಬೆಳಕಿನಲ್ಲಿ ತೆಗೆದ ಚಿತ್ರವನ್ನು, ಬಣ್ಣ ತಿದ್ದುವವರ ಎದುರು ಇಡಿ. ಚಿತ್ರವನ್ನು ಅಂದಗೊಳಿಸುವವರು ಹಿನ್ನೆಲೆ ಕತ್ತರಿಸುವಾಗ ಸೊಂಟದ ಹಿಂದೆ ಉಬ್ಬಿದ ನೆರಿಗೆಯನ್ನು ‘ಬಟ್ಟೆಯ ಸುಕ್ಕು’ ಎಂದು ತಿಳಿದು ಒರೆಸಿಹಾಕಬಹುದು. ಕರಿಮಣಿಯನ್ನು ಕಪ್ಪು ಚುಕ್ಕೆಯೆಂದು ಅಳಿಸಬಹುದು. ಅವರಿಗೆ ಒಂದು ಪುಟದ ಟಿಪ್ಪಣಿ ಕೊಡಿ. ಅದರಲ್ಲಿ ಮುಟ್ಟಬಾರದ ಜಾಗಗಳನ್ನು ಚಿತ್ರದ ಮೇಲೆಯೇ ಸುತ್ತು ಹಾಕಿ ತೋರಿಸಿ.

ಕೊನೆಯ ಪರಿಶೀಲನೆ, ದೂರು ಬಂದರೆ

ಮುದ್ರಣಕ್ಕೆ ಹೋಗುವ ಅಂತಿಮ ಕಡತವನ್ನೇ ನಿಮ್ಮ ಮಾರ್ಗದರ್ಶಕರಿಗೆ ತೋರಿಸಿ. ಸೆಟ್ಟಿನಲ್ಲಿ ತೆಗೆದ ಮೂಲ ಚಿತ್ರ ತೋರಿಸಿ ಒಪ್ಪಿಗೆ ಪಡೆಯುವುದರಿಂದ ಪ್ರಯೋಜನವಿಲ್ಲ, ಮೇಲೆ ಹೇಳಿದ ಅನಾಹುತಗಳೆಲ್ಲ ಅದರ ನಂತರದವು. ಮೊಬೈಲಿನ ಸಣ್ಣ ಪರದೆಯಲ್ಲಿ ಕಳಿಸಬೇಡಿ. ಕಾಗದದ ಮೇಲೆ ಮುದ್ರಿಸಿಕೊಂಡು ಹೋಗಿ. ಅವರೊಂದಿಗೆ ಮನೆಯಲ್ಲಿರುವ ಇನ್ನೊಬ್ಬರೂ ನೋಡಲಿ. ಕೊಡವ ಮನೆಯ ಹದಿನೆಂಟರ ಹುಡುಗಿ ಮತ್ತು ಎಪ್ಪತ್ತರ ಅಜ್ಜಿ ಬೇರೆ ಬೇರೆ ತಪ್ಪುಗಳನ್ನು ಹಿಡಿಯುತ್ತಾರೆ.

ಇಷ್ಟಾದ ಮೇಲೂ ತಪ್ಪು ಉಳಿದು, ಬಿಡುಗಡೆಯ ನಂತರ ಆಕ್ಷೇಪ ಬಂದರೆ ‘ಇದು ಕಲಾತ್ಮಕ ಸ್ವಾತಂತ್ರ್ಯ’ ಎಂದು ವಾದಿಸಬೇಡಿ. ವರನ ಕೈಯಲ್ಲಿ ತಾಳಿ ಕೊಟ್ಟದ್ದು ಕಲೆಯ ನಿರ್ಧಾರವಾಗಿರುವುದಿಲ್ಲ, ಕೇಳದೇ ಇದ್ದುದರ ಫಲ ಅದು. ಯಾವ ತಪ್ಪು ಎಂದು ಸ್ಪಷ್ಟವಾಗಿ ಹೆಸರಿಸಿ ಕ್ಷಮೆ ಕೇಳಿ. ‘ಯಾರ ಭಾವನೆಗಾದರೂ ಧಕ್ಕೆಯಾಗಿದ್ದರೆ’ ಎಂಬ ಸವಕಲು ಸಾಲು ಸಿಟ್ಟನ್ನು ಹೆಚ್ಚಿಸುತ್ತದೆಯೇ ಹೊರತು ತಣಿಸುವುದಿಲ್ಲ. ಇಂಟರ್ನೆಟ್ಟಿನ ಪ್ರತಿಯನ್ನು ಆ ದಿನವೇ ಹಿಂತೆಗೆಯಬಹುದು. ಹೋರ್ಡಿಂಗುಗಳಲ್ಲಿ ಮೊದಲು ಮಡಿಕೇರಿ, ವಿರಾಜಪೇಟೆ, ಕುಶಾಲನಗರದ ಕಡೆಯವನ್ನು, ಆಮೇಲೆ ಮೈಸೂರು, ಬೆಂಗಳೂರಿನವನ್ನು ಇಳಿಸಿ. 6 ಸೆಕೆಂಡಿನ ಭಾಗ ಚಿತ್ರದ ನಡುವೆ ಇರುವುದರಿಂದ ಅದನ್ನು ಕತ್ತರಿಸಿ 24 ಸೆಕೆಂಡಿನ ಪ್ರತಿಯನ್ನು ಮೊದಲೇ ಸಿದ್ಧ ಮಾಡಿಟ್ಟುಕೊಂಡಿದ್ದರೆ ಟಿ.ವಿ.ಯಲ್ಲಿ ಪ್ರಸಾರ ನಿಲ್ಲದೆ ಬದಲಾಯಿಸಬಹುದು. ಸಂಕಲನದ ದಿನವೇ ಈ ಎರಡನೇ ಪ್ರತಿಯನ್ನು ಮಾಡಿಸಿಡಿ.